ಹೊಸ ಟೆಕ್ನೀಶಿಯನ್ ತಲೆಯೆತ್ತಿ ನೋಡುವ ಜಾಗಗಳು

ಪ್ರಶ್ನೆ: ಬಳ್ಳಾರಿಯ ಹೊರವಲಯದಲ್ಲಿ ನನ್ನದೊಂದು ಸಣ್ಣ ಅದಿರು ಪರೀಕ್ಷಾ ಪ್ರಯೋಗಾಲಯವಿದೆ. ಸಂಡೂರು ಕಡೆಯಿಂದ ಬರುವ ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಡೈಕ್ರೋಮೇಟ್ ಟೈಟ್ರೇಶನ್ ಮಾಡಿ ಹೇಳುತ್ತೇವೆ. ಹದಿನೆಂಟು ವರ್ಷದಿಂದ ಇದ್ದ ನಮ್ಮ ಹಿರಿಯ ಕೆಮಿಸ್ಟ್ ಯುಗಾದಿಯ ಹೊತ್ತಿಗೆ ಕೆಲಸ ಬಿಡುತ್ತಾರೆ. ಬಿ.ಎಸ್ಸಿ. ಮುಗಿಸಿದ ಇಬ್ಬರನ್ನು ಸೇರಿಸಿಕೊಂಡಿದ್ದೇನೆ. ಪರೀಕ್ಷೆಯನ್ನು ಹಂತಹಂತವಾಗಿ ಹೇಗೆ ಮಾಡಬೇಕೆಂದು ಬರೆದಿಟ್ಟ ಇಂಗ್ಲಿಷಿನ 14 ಪುಟದ ಎಸ್‌ಒಪಿ ನಮ್ಮಲ್ಲಿದೆ. ಅದನ್ನು ಓದಿಕೊಂಡು ಮಾಡಿದರೂ ಒಂದೇ ಸ್ಯಾಂಪಲ್‌ಗೆ ಹಿರಿಯರಿಗೆ ಶೇಕಡಾ 62.0, ಹುಡುಗನಿಗೆ 61.2, ಹುಡುಗಿಗೆ 63.1 ಬಂತು. ಇವರನ್ನು ರಾತ್ರಿ ಪಾಳಿಗೆ ಬಿಡಬೇಕಾಗಿದೆ. ಎಸ್‌ಒಪಿಯನ್ನು ಕನ್ನಡದಲ್ಲಿ, ಇನ್ನೂ ವಿವರವಾಗಿ ಬರೆಸಿದರೆ ಸಾಕೇ? ಮುಂದೆ ಎನ್‌ಎಬಿಎಲ್ ಮಾನ್ಯತೆಗೆ ಹೋದರೆ ಕನ್ನಡದ್ದನ್ನು ಒಪ್ಪುತ್ತಾರೆಯೇ?

ಉತ್ತರ: ನಿಮ್ಮ ಮೂರು ಅಂಕಿಗಳಲ್ಲೇ ಅರ್ಧ ಉತ್ತರವಿದೆ. ಸ್ಯಾಂಪಲ್‌ನ ತೂಕವನ್ನು ನೀವು ಬರೆದಿಲ್ಲ. ನಮ್ಮ ಕಡೆಯ ಸಣ್ಣ ಲ್ಯಾಬ್‌ಗಳ ವಾಡಿಕೆಯಂತೆ 0.2 ಗ್ರಾಂ ಪುಡಿ, 0.1 ನಾರ್ಮಲ್ ಡೈಕ್ರೋಮೇಟ್ ಎಂದು ಇಟ್ಟುಕೊಳ್ಳುತ್ತೇನೆ. ಲೆಕ್ಕ ನಿಮಗೆ ಗೊತ್ತಿರುವುದೇ:

```
Fe % = (V × N × 55.85 × 100) / (1000 × W)
```

V ಬ್ಯುರೆಟ್‌ನಲ್ಲಿ ಖರ್ಚಾದ ಮಿಲಿಲೀಟರ್, N ನಾರ್ಮಾಲಿಟಿ, W ಗ್ರಾಂ ಲೆಕ್ಕದ ತೂಕ. ಈ ಪ್ರಮಾಣದಲ್ಲಿ ಒಂದು ಮಿ.ಲೀ. ಎಂದರೆ 2.79 ಶೇಕಡಾ ಕಬ್ಬಿಣ. ಬ್ಯುರೆಟ್‌ನ ಒಂದು ಹನಿ ಹೆಚ್ಚುಕಡಿಮೆ 0.05 ಮಿ.ಲೀ. ಇರುವುದರಿಂದ ಒಂದು ಹನಿಗೆ 0.14 ಶೇಕಡಾ. ಅಂದರೆ ನಿಮ್ಮ ಹಿರಿಯರು 22.20 ಮಿ.ಲೀ.ಗೆ ನಿಲ್ಲಿಸಿದ್ದಾರೆ, ಹುಡುಗ 21.92ಕ್ಕೆ, ಹುಡುಗಿ 22.60ಕ್ಕೆ. ಒಬ್ಬರಿಗೆ ಆರು ಹನಿ ಕಡಿಮೆ, ಇನ್ನೊಬ್ಬರಿಗೆ ಎಂಟು ಹನಿ ಹೆಚ್ಚು.

ಬ್ಯುರೆಟ್ ಓದುವುದು ಬಾರದವರೂ ಎಂಟು ಹನಿ ತಪ್ಪುವುದಿಲ್ಲ. ಕೊನೆಯ ಬಿಂದುವಿನ ನೇರಳೆ ಬಣ್ಣ ಗುರುತಿಸುವಲ್ಲಿ ಒಂದು ಹನಿ, ಹೆಚ್ಚೆಂದರೆ ಎರಡು ಹನಿ ಆಚೀಚೆ ಆಗಬಹುದು. ಹಾಗಾಗಿ ಇಬ್ಬರ ತಪ್ಪೂ ಬ್ಯುರೆಟ್ ಹಿಡಿಯುವ ಮೊದಲೇ, ಹಾಟ್ ಪ್ಲೇಟಿನ ಹತ್ತಿರ ಆಗಿಹೋಗಿದೆ ಎಂಬುದು ನನ್ನ ಅಂದಾಜು. ನಿಮ್ಮ 14 ಪುಟಗಳಲ್ಲಿ ಬ್ಯುರೆಟ್ ತೊಳೆಯುವುದಕ್ಕೆ ಒಂದು ಪುಟವೇ ಇದ್ದು, ಹಾಟ್ ಪ್ಲೇಟಿನ ಹತ್ತಿರ ನಡೆಯುವುದಕ್ಕೆ ಎರಡು ಸಾಲು ಇದ್ದರೆ ನನಗೆ ಆಶ್ಚರ್ಯವಿಲ್ಲ. ನಾನು ನೋಡಿದ ಎಸ್‌ಒಪಿಗಳಲ್ಲಿ ಹೆಚ್ಚಿನವು ಹಾಗೆಯೇ ಇದ್ದವು. ನಾನೇ ಬರೆದ ಮೊದಲನೆಯದೂ ಅದೇ ಜಾತಿಯದು.

ಭಾಷೆಯ ಮಾತನ್ನು ಬೇಗ ಮುಗಿಸುತ್ತೇನೆ. ಎನ್‌ಎಬಿಎಲ್ ಮಾನ್ಯತೆಗೆ ಆಧಾರವಾದ, ಪ್ರಯೋಗಾಲಯಗಳ ಮಾನದಂಡ ಐಎಸ್‌ಒ/ಐಇಸಿ 17025:2017 ಎಸ್‌ಒಪಿಯ ಭಾಷೆಯನ್ನಾಗಲಿ ಪುಟಗಳ ಸಂಖ್ಯೆಯನ್ನಾಗಲಿ ನಿಗದಿ ಮಾಡಿಲ್ಲ. ವಿಧಾನದ ಬರಹ ಚಾಲ್ತಿಯಲ್ಲಿರುವ ಆವೃತ್ತಿಯಾಗಿರಬೇಕು, ಕೆಲಸ ಮಾಡುವವರ ಕೈಗೆ ಸಿಗುವಂತಿರಬೇಕು ಎನ್ನುತ್ತದೆ. ಕನ್ನಡದಲ್ಲಿ ಧಾರಾಳವಾಗಿ ಬರೆಸಿ. ಒಂದೇ ಎಚ್ಚರಿಕೆ: ಬಾಟಲಿಯ ಮೇಲಿನ ಹೆಸರೂ ಕಾಗದದ ಮೇಲಿನ ಹೆಸರೂ ಅಕ್ಷರಶಃ ಒಂದೇ ಆಗಿರಲಿ. ಬಾಟಲಿಯ ಮೇಲೆ ಸ್ಟ್ಯಾನಸ್ ಕ್ಲೋರೈಡ್ ಎಂದಿದ್ದು ಎಸ್‌ಒಪಿಯಲ್ಲಿ ‘ತವರದ ದ್ರಾವಣ’ ಎಂದು ಬರೆದರೆ ರಾತ್ರಿ ಎರಡು ಗಂಟೆಗೆ ಅದನ್ನು ಯಾರೂ ಜೋಡಿಸಿಕೊಳ್ಳುವುದಿಲ್ಲ. ಆದರೆ ಅದೇ ಮಾನದಂಡದಲ್ಲಿ ನೀವು ಕೇಳದ ಒಂದು ಮಾತಿದೆ: ಸಿಬ್ಬಂದಿಯ ಸಾಮರ್ಥ್ಯವನ್ನು ಪರೀಕ್ಷಿಸಿ, ಇಂಥವರು ಇಂಥ ಕೆಲಸ ಮಾಡಬಹುದು ಎಂದು ಅಧಿಕೃತವಾಗಿ ಒಪ್ಪಿಗೆ ಕೊಡಬೇಕು. ಕಾಗದ ಎಷ್ಟೇ ಚೆನ್ನಾಗಿದ್ದರೂ ಅದು ಆ ಒಪ್ಪಿಗೆಯ ಬದಲಿಗೆ ನಿಲ್ಲುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

‘ಇನ್ನೂ ವಿವರವಾಗಿ’ ಎಂಬ ಆಸೆಯೇ ಹೆಚ್ಚು ಅಪಾಯದ್ದು. ಎಸ್‌ಒಪಿಯನ್ನು ಎಲ್ಲ ಕಡೆ ಸಮನಾಗಿ ಉಬ್ಬಿಸಿದರೆ ಓದುವವರು ಎಲ್ಲವನ್ನೂ ಸಮನಾಗಿ ಹಾರಿಸುತ್ತಾರೆ. ಯಾವ ಪರೀಕ್ಷೆಯಲ್ಲಾದರೂ ಹಿರಿಯರ ಕಣ್ಣು, ಕೈ ತೀರ್ಮಾನ ಮಾಡುವ ಜಾಗಗಳು ನಾಲ್ಕೋ ಐದೋ ಇರುತ್ತವೆ. ಉಳಿದದ್ದು ಬಿ.ಎಸ್ಸಿ. ಓದಿದವರಿಗೆ ಗೊತ್ತಿರುವಂಥದ್ದೇ. ಆ ನಾಲ್ಕೈದು ಜಾಗಗಳಿಗೆ ಪುಟಗಟ್ಟಲೆ ಬರೆಯಿರಿ, ಉಳಿದದ್ದಕ್ಕೆ ಒಂದೊಂದು ಸಾಲು ಸಾಕು.

ಆ ಜಾಗಗಳು ಯಾವುವು ಎಂದು ಹಿರಿಯರನ್ನು ಕೂರಿಸಿ ಕೇಳಿದರೆ ಅವರು ಹೇಳಲಾರರು. ಮುಚ್ಚಿಡಬೇಕೆಂದಲ್ಲ, ಹದಿನೆಂಟು ವರ್ಷ ಮಾಡಿದ ಕೆಲಸ ಕೈಗೆ ಇಳಿದುಬಿಟ್ಟಿರುತ್ತದೆ, ಬಾಯಿಗೆ ಬರುವುದಿಲ್ಲ. ರೊಟ್ಟಿ ಬಡಿಯುವವರನ್ನು ಹಿಟ್ಟಿಗೆ ನೀರು ಎಷ್ಟು ಎಂದು ಕೇಳಿದ ಹಾಗೆ. ನಾನು ಮಾಡುವುದು ಹೀಗೆ. ಮೊದಲ ದಿನ ಹಿರಿಯರು ಮಾತಾಡದೆ ಕೆಲಸ ಮಾಡುತ್ತಾರೆ, ಹೊಸಬರು ಪಕ್ಕದಲ್ಲಿ ನಿಂತು ಕಂಡದ್ದನ್ನು ಕಂಡ ಹಾಗೆ ಬರೆದುಕೊಳ್ಳುತ್ತಾರೆ. ‘ಫ್ಲಾಸ್ಕನ್ನು ಕಿಟಕಿಯ ಕಡೆ ಹಿಡಿದು ನೋಡಿದರು’, ‘ಮುಟ್ಟಿ ನೋಡಿ ಮತ್ತೆ ನೀರಿನಲ್ಲಿ ಇಟ್ಟರು’ ಎಂಬಂಥ ಸಾಲುಗಳೇ ಚಿನ್ನ. ಎರಡನೆಯ ದಿನ ಆ ಬರಹವನ್ನು ಕೈಯಲ್ಲಿ ಹಿಡಿದು ಇನ್ನೊಬ್ಬ ಹೊಸಬರು ಕೆಲಸ ಮಾಡುತ್ತಾರೆ. ಹಿರಿಯರು ಕೈಕಟ್ಟಿ, ಬಾಯಿಮುಚ್ಚಿ ಎದುರು ಕೂರಬೇಕು. ಮಾಡುವವರು ಕಾಗದದಿಂದ ತಲೆಯೆತ್ತಿ ಹಿರಿಯರ ಮುಖ ನೋಡಿದ ಪ್ರತಿ ಸಲವೂ ಕಾಗದದ ಆ ಸಾಲಿನ ಪಕ್ಕದಲ್ಲಿ ನೀವು ಒಂದು ಗೆರೆ ಎಳೆಯಿರಿ. ಪ್ರಶ್ನೆ ಕೇಳದಿದ್ದರೂ ಸರಿ, ಮುಖ ನೋಡಿದರೆ ಸಾಕು. ನಾನು ಮೊದಲ ಸಲ ಇದನ್ನು ಮಾಡಿದಾಗ ನಾಲ್ಕು ಪುಟದಲ್ಲಿ 23 ಗೆರೆ ಬಿದ್ದವು, ಅವುಗಳಲ್ಲಿ 15 ಒಂದೇ ಪುಟದಲ್ಲಿ. ನಿಮ್ಮ ಪರೀಕ್ಷೆಯಲ್ಲಿಯೂ ಗೆರೆಗಳು ಗುಂಪುಗೂಡುವ ಜಾಗ ಯಾವುದೆಂದು ನಾನು ಈಗಲೇ ಹೇಳಬಲ್ಲೆ: ಸ್ಟ್ಯಾನಸ್ ಕ್ಲೋರೈಡ್ ಹಾಕುವುದು.

ಅದರ ಹಿಂದೆ ಒಂದು ಸಣ್ಣ ಜಾಗವೂ ಇದೆ, ಅದಿರು ಕರಗುವುದು. ಎಸ್‌ಒಪಿಗಳಲ್ಲಿ ‘ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅರ್ಧ ಗಂಟೆ ಬಿಸಿ ಮಾಡಿ’ ಎಂದಿರುತ್ತದೆ. ಅದಿರಿಗೆ ಗಡಿಯಾರ ಗೊತ್ತಿಲ್ಲ. ಒಂದು ಗುಡ್ಡದ ಮೆದು ಅದಿರು ಇಪ್ಪತ್ತು ನಿಮಿಷಕ್ಕೆ ಕರಗುತ್ತದೆ, ಇನ್ನೊಂದರದು ಒಂದು ಗಂಟೆ ತೆಗೆದುಕೊಳ್ಳುತ್ತದೆ. ಬರೆಯಬೇಕಾದದ್ದು ಸಮಯವನ್ನಲ್ಲ, ತಳದಲ್ಲಿ ಉಳಿಯುವುದರ ಬಣ್ಣವನ್ನು. ತಳದಲ್ಲಿ ಉಳಿದದ್ದು ಬೆಳ್ಳಗಿದ್ದರೆ ಅದು ಹೆಚ್ಚಾಗಿ ಸಿಲಿಕಾ, ಮುಂದೆ ಹೋಗಬಹುದು. ಕೆಂಪು ಅಥವಾ ಕಪ್ಪು ಕಣ ಕಂಡರೆ ಕಬ್ಬಿಣ ಇನ್ನೂ ಅಲ್ಲೇ ಕೂತಿದೆ. ಒಂದು ಗಂಟೆಯ ಮೇಲೂ ಹಾಗೆಯೇ ಇದ್ದರೆ ಆ ಸ್ಯಾಂಪಲ್ ರಾತ್ರಿ ಪಾಳಿಯ ಕೆಲಸವಲ್ಲ. ಫ್ಲಾಸ್ಕಿಗೆ ಚೀಟಿ ಅಂಟಿಸಿ ಬೆಳಗಿನವರಿಗೆ ಬಿಡಬೇಕು. ಉಳಿದದ್ದನ್ನು ಸೋಸಿ, ಕ್ಷಾರದೊಂದಿಗೆ ಕರಗಿಸಿ ಕಬ್ಬಿಣವನ್ನು ಹೊರತೆಗೆಯುವ ಕೆಲಸ ಬೇರೆಯೇ ಇದೆ. ‘ಕುದಿಸಬೇಡಿ’ ಎಂಬ ಮಾತಿಗೂ ಕಾರಣ ಬರೆಯಿರಿ: ಜೋರಾಗಿ ಕುದಿಸಿ ಒಣಗಿಸಿದರೆ ಫೆರಿಕ್ ಕ್ಲೋರೈಡ್ ಆವಿಯ ಜೊತೆ ಹೋಗುತ್ತದೆ. ಕಾರಣ ಗೊತ್ತಿದ್ದರೆ ಅವಸರದಲ್ಲಿ ಬೆಂಕಿ ಏರಿಸುವುದಿಲ್ಲ. ನಿಮ್ಮ ಹುಡುಗನ 61.2 ಇಲ್ಲಿಂದ ಬಂದಿರಬಹುದು.

ಈಗ ಮುಖ್ಯ ಜಾಗ. ಐಎಸ್ 1493ರಂಥ ಮಾನಕಗಳು ಕೆಮಿಸ್ಟ್‌ಗಳಿಗಾಗಿ ಬರೆದವು. ಅವುಗಳನ್ನು ಆಧರಿಸಿ ಮಾಡಿದ ಎಸ್‌ಒಪಿಗಳಲ್ಲಿ ಈ ಹಂತ ಸಾಮಾನ್ಯವಾಗಿ ಹೀಗಿರುತ್ತದೆ: ‘ಹಳದಿ ಬಣ್ಣ ಹೋಗುವವರೆಗೆ ಸ್ಟ್ಯಾನಸ್ ಕ್ಲೋರೈಡ್ ಹನಿಹನಿಯಾಗಿ ಹಾಕಿ, ಒಂದೆರಡು ಹನಿ ಹೆಚ್ಚು ಹಾಕಿ. ತಣಿಸಿ. ಮರ್ಕ್ಯುರಿಕ್ ಕ್ಲೋರೈಡ್ 10 ಮಿ.ಲೀ. ಹಾಕಿ.’ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊಸಬರು ಇದರಲ್ಲಿ ಐದು ಕಡೆ ಎಡವುತ್ತಾರೆ. ಎಷ್ಟು ಹಳದಿ ಹೋದರೆ ಹೋದಂತೆ? ಒಂದೋ ಎರಡೋ? ಎಷ್ಟು ತಣ್ಣಗೆ? ಹಾಕಿದ ಮೇಲೆ ಏನು ಕಾಣಬೇಕು? ಕಾಣದಿದ್ದರೆ?

ಒಳಗೆ ನಡೆಯುವುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಅದು ಗೊತ್ತಿದ್ದರೆ ಪ್ರತಿ ಪ್ರಶ್ನೆಗೂ ಉತ್ತರ ತಾನಾಗಿ ಬರುತ್ತದೆ. ಡೈಕ್ರೋಮೇಟ್ ಲೆಕ್ಕ ಹಾಕುವುದು ಫೆರಸ್ ಕಬ್ಬಿಣವನ್ನು ಮಾತ್ರ. ಆದ್ದರಿಂದ ಹಳದಿಯಾಗಿರುವ ಫೆರಿಕ್ ಎಲ್ಲವನ್ನೂ ಸ್ಟ್ಯಾನಸ್ ಕ್ಲೋರೈಡ್ ಫೆರಸ್ ಮಾಡಬೇಕು. ಕಡಿಮೆ ಹಾಕಿದರೆ ಸ್ವಲ್ಪ ಕಬ್ಬಿಣ ಲೆಕ್ಕಕ್ಕೆ ಸಿಗುವುದಿಲ್ಲ, ಫಲಿತಾಂಶ ಇಳಿಯುತ್ತದೆ. ಹೆಚ್ಚು ಹಾಕಿದರೆ ಉಳಿದ ತವರವೂ ಡೈಕ್ರೋಮೇಟನ್ನು ತಿನ್ನುತ್ತದೆ, ಫಲಿತಾಂಶ ಏರುತ್ತದೆ. ಆ ಉಳಿದ ಎರಡು ಹನಿಯನ್ನು ನುಂಗಲೆಂದೇ ಮರ್ಕ್ಯುರಿಕ್ ಕ್ಲೋರೈಡ್. ಅದು ತವರವನ್ನು ಮುಗಿಸಿ ತಾನು ಬಿಳಿಯ ಪ್ರಕ್ಷೇಪವಾಗಿ ನಿಲ್ಲುತ್ತದೆ. ತವರ ಬಹಳ ಹೆಚ್ಚಾಗಿದ್ದರೆ ಆ ಬಿಳಿಯೂ ಮುಂದೆ ಹೋಗಿ ಬೂದು ಬಣ್ಣದ ಪಾದರಸವಾಗುತ್ತದೆ. ಪಾದರಸವೂ ಡೈಕ್ರೋಮೇಟ್ ತಿನ್ನುತ್ತದೆ. ನಿಮ್ಮ ಹುಡುಗಿಯ 63.1ರ ಫ್ಲಾಸ್ಕ್ ಬೂದು ತಿರುಗಿತ್ತೇ ಎಂದು ಕೇಳಿ ನೋಡಿ. ‘ಸ್ವಲ್ಪ ಮಬ್ಬಾಗಿತ್ತು ಸರ್, ಪರವಾಗಿಲ್ಲ ಅಂದುಕೊಂಡೆ’ ಎಂಬ ಉತ್ತರ ಬಂದರೆ ಆಕೆಯನ್ನು ಬೈಯಬೇಡಿ. ಪರವಾಗಿಲ್ಲವೋ ಇದೆಯೋ ಎಂದು ಕಾಗದ ಹೇಳಿರಲಿಲ್ಲ.

ಆ ಎರಡು ಸಾಲನ್ನು ನಾನು ಹೀಗೆ ಬರೆಸುತ್ತೇನೆ:

1. ಹಾಟ್ ಪ್ಲೇಟಿನಿಂದ ಫ್ಲಾಸ್ಕ್ ಇಳಿಸಿ ಬಿಳಿ ಟೈಲ್ ಮೇಲೆ ಇಡಿ. ದ್ರಾವಣ ಕುದಿಯುವ ಹತ್ತಿರದ ಬಿಸಿಯಲ್ಲಿರಬೇಕು. ಟೇಬಲ್ಲಿನ ಬಿಳಿ ದೀಪ ಹಾಕಿ.

2. ಗಾಜಿನ ಡ್ರಾಪರ್‌ನಿಂದ ಸ್ಟ್ಯಾನಸ್ ಕ್ಲೋರೈಡ್ ಹಾಕುತ್ತಾ ಫ್ಲಾಸ್ಕ್ ತಿರುಗಿಸಿ. ಬಣ್ಣ ನಿಂಬೆಹಣ್ಣಿನ ಸಿಪ್ಪೆಯಷ್ಟು ತೆಳುವಾದ ಮೇಲೆ ಒಂದು ಹನಿ, ಐದು ಎಣಿಸಿ, ಇನ್ನೊಂದು ಹನಿ.

3. ಹಳದಿ ಪೂರ್ತಿ ಹೋದಾಗ ದ್ರಾವಣ ಬಣ್ಣವಿಲ್ಲದೆ ಅಥವಾ ಬಹಳ ತಿಳಿ ಹಸಿರಾಗಿ ಕಾಣುತ್ತದೆ. ಆಮೇಲೆ ಎರಡು ಹನಿ. ಮೂರನೆಯದು ಬೇಡ.

4. ಎಷ್ಟು ಹನಿ ಹೆಚ್ಚಾಯಿತೆಂದು ಅನುಮಾನ ಬಂದರೆ ಇಲ್ಲೇ ನಿಲ್ಲಿಸಿ. ತಿಳಿ ಪರ್ಮಾಂಗನೇಟ್ ಹನಿಯಿಂದ ಹಳದಿ ಮರಳಿ ಬರಿಸಿ, 2ರಿಂದ ಮತ್ತೆ ಮಾಡಿ.

5. ಹರಿಯುವ ನೀರಿನಲ್ಲಿ ತಣಿಸಿ. ಫ್ಲಾಸ್ಕಿನ ತಳಕ್ಕೆ ಅಂಗೈ ಇಟ್ಟರೆ ಬೆಚ್ಚಗೂ ಅನ್ನಿಸಬಾರದು.

6. ಮರ್ಕ್ಯುರಿಕ್ ಕ್ಲೋರೈಡ್ 10 ಮಿ.ಲೀ. ಒಂದೇ ಸಲ ಸುರಿದು ತಿರುಗಿಸಿ. ಐದು ನಿಮಿಷ ಬಿಡಿ.

7. ರೇಷ್ಮೆಯ ಹೊಳಪಿನ ತೆಳು ಬಿಳಿ ಪ್ರಕ್ಷೇಪ ಬಂದರೆ ಮುಂದೆ ಹೋಗಿ. ಏನೂ ಬರದಿದ್ದರೆ, ಅಥವಾ ಬೂದು, ಕಪ್ಪು ಬಂದರೆ ಈ ಫ್ಲಾಸ್ಕ್ ಮುಗಿಯಿತು. ಪಾದರಸದ ತ್ಯಾಜ್ಯದ ಡಬ್ಬಕ್ಕೆ ಹಾಕಿ, ರಿಜಿಸ್ಟರಿನಲ್ಲಿ ‘ಬಿಟ್ಟಿದೆ’ ಎಂದು ಬರೆದು ಹೊಸದಾಗಿ ತೂಗಿ.

ನಾಲ್ಕನೆಯದನ್ನೂ ಏಳನೆಯದನ್ನೂ ಜೊತೆಗೆ ಇಟ್ಟು ನೋಡಿ. ಒಂದರಲ್ಲಿ ತಪ್ಪನ್ನು ಸರಿಪಡಿಸಿಕೊಳ್ಳಲು ಅವಕಾಶವಿದೆ, ಇನ್ನೊಂದರಲ್ಲಿ ಇಲ್ಲ. ಈ ಗೆರೆ ಎಲ್ಲಿದೆ ಎಂದು ಹಿರಿಯರಿಗೆ ಗೊತ್ತು. ಹೊಸಬರಿಗೆ ಗೊತ್ತಿಲ್ಲದಿದ್ದರೆ ಬೂದು ಫ್ಲಾಸ್ಕಿಗೂ ಏನಾದರೂ ಸುರಿದು ಉಳಿಸಿಕೊಳ್ಳಲು ನೋಡುತ್ತಾರೆ. ಎಸೆದರೆ ಮಾಲೀಕರು ಬೈಯುತ್ತಾರೆಂಬ ಭಯ ಅದರ ಹಿಂದಿರುತ್ತದೆ. ‘ಬಿಟ್ಟಿದೆ’ ಎಂಬ ಪದ ರಿಜಿಸ್ಟರಿನಲ್ಲಿ ಕಂಡಾಗ ನೀವು ಮುಖ ಸಿಂಡರಿಸಿದರೆ ಮರುದಿನದಿಂದ ಆ ಪದ ಕಾಣುವುದಿಲ್ಲ, ಬೂದು ಫ್ಲಾಸ್ಕ್‌ಗಳು ಮಾತ್ರ ಇದ್ದೇ ಇರುತ್ತವೆ.

ಡ್ರಾಪರ್, ದೀಪ ಎಂದೆಲ್ಲ ಬರೆದದ್ದು ಅತಿಯಾಯಿತು ಅನ್ನಿಸಬಹುದು. ಗಾಜಿನ ಡ್ರಾಪರ್ ಒಡೆದು ಪ್ಲಾಸ್ಟಿಕ್ಕಿನದು ತಂದರೆ ಹನಿಯ ಗಾತ್ರ ಬದಲಾಗುತ್ತದೆ. ಹಿರಿಯರ ‘ಎರಡು ಹನಿ’ ಎಂಬುದು ಅವರ ಹಳೆಯ ಡ್ರಾಪರಿನ ಎರಡು ಹನಿ. ದೀಪದ ವಿಷಯ ರಾತ್ರಿ ಪಾಳಿಗೆ ಇನ್ನೂ ಮುಖ್ಯ. ಹಿರಿಯರು ಹದಿನೆಂಟು ವರ್ಷ ಹಗಲಿನಲ್ಲಿ, ಕಿಟಕಿಯ ಬೆಳಕಿನಲ್ಲಿ ನೋಡಿ ಕಲಿತಿದ್ದಾರೆ. ಹಳದಿ ಛಾಯೆಯ ಬಲ್ಬಿನ ಕೆಳಗೆ ತಿಳಿ ಹಳದಿ ಹೋಯಿತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಹುಡುಗರು ಹೋಗಲಿಲ್ಲವೆಂದು ಹಾಕುತ್ತಲೇ ಹೋಗುತ್ತಾರೆ. ಎಸ್‌ಒಪಿಯನ್ನು ಹಗಲಿನಲ್ಲಿ ಮಾತ್ರ ಪರೀಕ್ಷಿಸಿ ರಾತ್ರಿ ಪಾಳಿಗೆ ಕೊಡಬೇಡಿ. ಒಂದು ರಾತ್ರಿ ನೀವೇ ಕೂತು ನೋಡಿ.

ಇದರ ಮುಂದಿನ ಹಂತದಲ್ಲಿ ಒಂದೇ ಸೂಕ್ಷ್ಮ. ಗಂಧಕಾಮ್ಲ ಮತ್ತು ಫಾಸ್ಫಾರಿಕ್ ಆಮ್ಲದ ಮಿಶ್ರಣ ಹಾಕುವುದು ಮರೆತರೆ ಬಣ್ಣ ಬೇಗ ತಿರುಗುತ್ತದೆ, ಫಲಿತಾಂಶ ಇಳಿಯುತ್ತದೆ. ಫಾಸ್ಫಾರಿಕ್ ಆಮ್ಲ ಹೊಸದಾಗಿ ಹುಟ್ಟುವ ಫೆರಿಕ್ಕನ್ನು ಹಿಡಿದಿಟ್ಟುಕೊಂಡು ಸೂಚಕವನ್ನು ಸರಿಯಾದ ಹೊತ್ತಿನವರೆಗೆ ತಡೆಯುತ್ತದೆ. ಮರೆವಿಗೆ ಮದ್ದು ವಿವರಣೆಯಲ್ಲ. ಟೈಟ್ರೇಶನ್ ಹಾಳೆಯಲ್ಲಿ ‘ಆಮ್ಲ ಮಿಶ್ರಣ 15 ಮಿ.ಲೀ.’ ಎಂಬುದರ ಮುಂದೆ ಒಂದು ಚೌಕ ಇಡಿ. ಅದಕ್ಕೆ ಗುರುತು ಹಾಕದೆ ಬ್ಯುರೆಟ್ ಮುಟ್ಟುವಂತಿಲ್ಲ. ಮಿಶ್ರಣ ಹಾಕಿದ ಮೇಲೆ ಚಹಾಕ್ಕೆ ಹೋಗುವಂತೆಯೂ ಇಲ್ಲ. ಗಾಳಿಗೆ ಫೆರಸ್ ಮತ್ತೆ ಫೆರಿಕ್ ಆಗುತ್ತದೆ.

ಈಗ ನನ್ನದೇ ಒಂದು ಮುಖಭಂಗದ ಕಥೆ ಹೇಳಬೇಕು, ಏಕೆಂದರೆ ಅದು ನಮ್ಮ ಬಳ್ಳಾರಿಯ ಬಿಸಿಲಿಗೆ ಸೇರಿದ್ದು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಲ್ಯಾಬಿನಲ್ಲಿ ಏಪ್ರಿಲ್ ಕೊನೆಗೆ ಮಧ್ಯಾಹ್ನದ ಪಾಳಿಯ ಫಲಿತಾಂಶಗಳೆಲ್ಲ 0.3ರಷ್ಟು ಮೇಲೆ ಬರತೊಡಗಿದವು. ಬೆಳಗಿನವು ಸರಿಯಾಗಿದ್ದವು. ಕೊಳ್ಳುವವರ ಲ್ಯಾಬಿನಿಂದ ತಕರಾರು ಬಂತು. ಮಧ್ಯಾಹ್ನದ ಹುಡುಗ ಹೊಸಬ. ನಾನು ಅವನ ಮೇಲೆ ಹರಿಹಾಯ್ದೆ. ಅವನು ಎಸ್‌ಒಪಿಯನ್ನು ತಂದು ಒಂದೊಂದೇ ಸಾಲಿಗೆ ಬೆರಳಿಟ್ಟು ತೋರಿಸಿದ, ಒಂದನ್ನೂ ಬಿಟ್ಟಿರಲಿಲ್ಲ. ತಪ್ಪು ಹುಡುಗನದಾಗಿರಲಿಲ್ಲ. ಡೈಕ್ರೋಮೇಟ್ ದ್ರಾವಣವನ್ನು ನಾನು ಎಸಿ ಇರುವ ತಕ್ಕಡಿ ಕೋಣೆಯಲ್ಲಿ 25 ಡಿಗ್ರಿಯಲ್ಲಿ ಗುರುತಿನವರೆಗೆ ತುಂಬಿಸಿದ್ದೆ. ಬಾಟಲಿ ನಿಂತಿದ್ದದ್ದು ಹಾಟ್ ಪ್ಲೇಟುಗಳಿದ್ದ ಶೆಡ್ಡಿನಲ್ಲಿ. ಮಧ್ಯಾಹ್ನ ಅಲ್ಲಿ 40 ಡಿಗ್ರಿ. ನೀರು 25ರಿಂದ 40ಕ್ಕೆ ಹೋದರೆ ಸುಮಾರು 0.5 ಶೇಕಡಾ ಹಿಗ್ಗುತ್ತದೆ. ಹಿಗ್ಗಿದ ದ್ರಾವಣದ ಒಂದೊಂದು ಮಿ.ಲೀ.ಯಲ್ಲಿ ಡೈಕ್ರೋಮೇಟ್ ಅಷ್ಟು ಕಡಿಮೆ, ಹಾಗಾಗಿ ಮಿ.ಲೀ. ಅಷ್ಟು ಹೆಚ್ಚು ಬೇಕು. 22.20 ಮಿ.ಲೀ.ಗೆ ಇದು 0.11 ಮಿ.ಲೀ., ಎಂದರೆ ಹೆಚ್ಚುಕಡಿಮೆ ಎರಡು ಹನಿ. 62.0 ಇದ್ದದ್ದು 62.3 ಆಗುತ್ತದೆ.

ಆ ಎಸ್‌ಒಪಿಯನ್ನು ಜನವರಿಯಲ್ಲಿ ಬರೆದಿದ್ದೆವು. ಜನವರಿಯಲ್ಲಿ ಅದು ಸರಿಯಾಗಿಯೇ ಇತ್ತು.

ಕನ್ನಡವೋ ಇಂಗ್ಲಿಷೋ, ಯಾವ ಭಾಷೆಯ ವಿವರಣೆಯೂ ಇಂಥದ್ದನ್ನು ಹಿಡಿಯುವುದಿಲ್ಲ. ಹಿಡಿಯುವುದು ಕಂಟ್ರೋಲ್ ಸ್ಯಾಂಪಲ್. ನಿಮ್ಮದೇ ಅದಿರನ್ನು ಕೆಲವು ಕಿಲೋ ನುಣ್ಣಗೆ ಅರೆದು, ಚೆನ್ನಾಗಿ ಬೆರೆಸಿ, ಒಣಗಿಸಿ, ಗಾಳಿಯಾಡದ ಡಬ್ಬಗಳಲ್ಲಿ ಇಡಿ. ಪ್ರಮಾಣೀಕೃತ ಉಲ್ಲೇಖ ಮಾದರಿಯನ್ನು ಜೊತೆಗೆ ಮಾಡಿ ವಿಧಾನ ಸರಿಯಿದೆ ಎಂದು ಒಮ್ಮೆ ಖಚಿತಪಡಿಸಿಕೊಳ್ಳಿ. ಅದು ದುಬಾರಿ, ದಿನಾ ಬಳಸಲಾಗದು. ಆಮೇಲೆ ನಿಮ್ಮ ಡಬ್ಬದ ಪುಡಿಯನ್ನು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಇಪ್ಪತ್ತು ಸಲ ಪರೀಕ್ಷಿಸಿ. ಉದಾಹರಣೆಗೆ ಸರಾಸರಿ 61.95, ಪ್ರಮಾಣಿತ ವಿಚಲನ 0.12 ಬಂತೆನ್ನಿ. ಎರಡು ವಿಚಲನದೊಳಗೆ, ಅಂದರೆ 61.71ರಿಂದ 62.19ರೊಳಗೆ ಬಂದರೆ ಕೆಲಸ ಮುಂದುವರಿಯಲಿ. ಅದರಾಚೆ ಹೋದರೆ ಇನ್ನೊಮ್ಮೆ ಮಾಡಲಿ. ಎರಡನೆಯ ಸಲವೂ ಆಚೆ ಹೋದರೆ, ಅಥವಾ ಮೊದಲ ಸಲವೇ ಮೂರು ವಿಚಲನ ದಾಟಿದರೆ, ಆ ಪಾಳಿಯ ಒಂದು ವರದಿಯೂ ಹೊರಗೆ ಹೋಗಬಾರದು. ಪ್ರತಿ ಪಾಳಿ ಶುರುವಾಗುವುದು ಈ ಡಬ್ಬದಿಂದ. ನೀವು ಮನೆಯಲ್ಲಿ ಮಲಗಿರುವಾಗ ನಿಮ್ಮ ಬದಲು ಕಾವಲಿರುವುದು ಇದೊಂದೇ. ನನ್ನ ಏಪ್ರಿಲ್ಲಿನ ಪ್ರಕರಣವೂ ಇದಿದ್ದರೆ ಮೊದಲ ಮಧ್ಯಾಹ್ನವೇ ಸಿಕ್ಕಿಬೀಳುತ್ತಿತ್ತು.

ನಿಮ್ಮ ಮುಂದೆ ಎರಡು ದಾರಿಗಳಿವೆ, ಎರಡಕ್ಕೂ ಅವುಗಳದೇ ಅಪಾಯಗಳಿವೆ. ಒಂದು, 0.2 ಬದಲು 0.4 ಗ್ರಾಂ ತೂಗುವುದು. ಆಗ ಒಂದು ಹನಿಯ ತಪ್ಪು 0.14ರಿಂದ 0.07ಕ್ಕೆ ಇಳಿಯುತ್ತದೆ, ತಕ್ಕಡಿಯ ಸಣ್ಣ ತಪ್ಪೂ ಅರ್ಧವಾಗುತ್ತದೆ. ಹೊಸ ಕೈಗಳಿಗೆ ಇದು ದೊಡ್ಡ ಅನುಕೂಲ. 68 ಶೇಕಡಾದ ಅದಿರಿಗೂ 48.7 ಮಿ.ಲೀ. ಸಾಕು, 50 ಮಿ.ಲೀ. ಬ್ಯುರೆಟ್‌ನೊಳಗೆ ಮುಗಿಯುತ್ತದೆ. ಆದರೆ ಕರಗಲು ಹೊತ್ತು ಹೆಚ್ಚು ಬೇಕು, ರಾಸಾಯನಿಕಗಳ ಖರ್ಚು ಹೆಚ್ಚು. ಲೆಕ್ಕದ ಹಾಳೆಯಲ್ಲಿ ಹಳೆಯ 2.79 ಎಂಬ ಸಿದ್ಧ ಗುಣಕ ಉಳಿದುಬಿಟ್ಟರೆ ಎಲ್ಲವೂ ಎರಡು ಪಟ್ಟು ಬರುತ್ತದೆ. ಇದೊಂದು ತಪ್ಪು ಮಾತ್ರ ಯಾರ ಕಣ್ಣಿಗಾದರೂ ಬೀಳುತ್ತದೆ ಎಂಬುದೇ ಸಮಾಧಾನ.

ಇನ್ನೊಂದು, ಮರ್ಕ್ಯುರಿಕ್ ಕ್ಲೋರೈಡನ್ನೇ ಬಿಡುವುದು. ಅದು ಘೋರ ವಿಷ. ಅದರ ತ್ಯಾಜ್ಯವನ್ನು ಸಿಂಕಿಗೆ ಸುರಿಯುವಂತಿಲ್ಲ, ಪ್ರತ್ಯೇಕವಾಗಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯ ಪಡೆಯಲು ಅನುಮತಿ ಇರುವವರಿಗೇ ಕೊಡಬೇಕು. ಪಾದರಸವಿಲ್ಲದ ವಿಧಾನದಲ್ಲಿ ಸ್ಟ್ಯಾನಸ್ ಕ್ಲೋರೈಡಿನಿಂದ ಹಳದಿಯನ್ನು ಪೂರ್ತಿ ತೆಗೆಯದೆ ತೆಳುವಾಗಿಸಿ ನಿಲ್ಲಿಸುತ್ತಾರೆ. ಉಳಿದದ್ದನ್ನು ಸೋಡಿಯಂ ಟಂಗ್‌ಸ್ಟೇಟ್ ಸೂಚಕ ಹಾಕಿ, ಟೈಟಾನಿಯಂ ಟ್ರೈಕ್ಲೋರೈಡಿನಿಂದ ನೀಲಿ ಕಾಣುವವರೆಗೆ ಇಳಿಸುತ್ತಾರೆ. ಆಮೇಲೆ ಬಹಳ ತಿಳಿ ಡೈಕ್ರೋಮೇಟಿನಿಂದ ಆ ನೀಲಿಯನ್ನು ಹೋಗಲಾಡಿಸಿ, ಅಲ್ಲಿಂದ ಟೈಟ್ರೇಶನ್ ಶುರು ಮಾಡುತ್ತಾರೆ. ಹೊಸಬರಿಗೆ ‘ಹಳದಿ ಹೋಯಿತೇ’ ಎಂದು ದಿಟ್ಟಿಸುವುದಕ್ಕಿಂತ ‘ನೀಲಿ ಬಂತೇ, ಹೋಯಿತೇ’ ಎಂದು ನೋಡುವುದು ಸುಲಭ ಎಂಬುದು ನನ್ನ ಅನುಭವ. ತೊಂದರೆಯೆಂದರೆ ಟೈಟಾನಿಯಂ ದ್ರಾವಣ ಗಾಳಿಗೆ ಬೇಗ ಕೆಡುತ್ತದೆ, ಆಗಾಗ ಹೊಸದಾಗಿ ಮಾಡಬೇಕು. ನೀಲಿ ಹೋದ ಮೇಲೆ ತಡಮಾಡಿದರೆ ಗಾಳಿಯೇ ಫೆರಸ್ಸನ್ನು ತಿನ್ನತೊಡಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದಕ್ಕೆ ಬದಲಾಗುತ್ತಿದ್ದೆ. ಆದರೆ ಹಿರಿಯರು ಹೊರಡುವ ತಿಂಗಳಲ್ಲಿ ಅಲ್ಲ. ಒಂದೋ ಈಗಲೇ, ಅವರು ಇರುವಾಗಲೇ ಹಳೆಯದರ ಜೊತೆ ಹೋಲಿಸಿ, ಇಲ್ಲವೇ ಹೊಸಬರು ನೆಲೆ ನಿಂತ ಮೇಲೆ.

ಯಾವ ದಾರಿ ಹಿಡಿದರೂ ಕೆಲವು ಕೆಲಸಗಳನ್ನು ಒಂಟಿಯಾಗಿರುವವರಿಗೆ ಕೊಡಬೇಡಿ, ಎಸ್‌ಒಪಿಯಲ್ಲೇ ‘ಹಗಲಿನಲ್ಲಿ ಮಾತ್ರ’ ಎಂದು ಬರೆಯಿರಿ. ಆಮ್ಲ ಮಿಶ್ರಣ ತಯಾರಿಸುವುದು ಒಂದು. ಗಂಧಕಾಮ್ಲವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ನೀರನ್ನು ಅದಕ್ಕಲ್ಲ. ಮರ್ಕ್ಯುರಿಕ್ ಕ್ಲೋರೈಡಿನ ಪುಡಿ ತೂಗುವುದು ಇನ್ನೊಂದು. ಡೈಕ್ರೋಮೇಟ್ ತೂಗಿ ದ್ರಾವಣ ಮಾಡುವುದು ಮತ್ತೊಂದು, ಏಕೆಂದರೆ ಅಲ್ಲಿನ ಒಂದು ತಪ್ಪು ಒಂದು ವಾರದ ಎಲ್ಲ ಫಲಿತಾಂಶಗಳಿಗೂ ಅಂಟುತ್ತದೆ. ರಾತ್ರಿ ಪಾಳಿಗೆ ಸಿದ್ಧ ಬಾಟಲಿಗಳು, ಅವುಗಳ ಮೇಲೆ ತಯಾರಿಸಿದ ದಿನಾಂಕ, ಸಹಿ. ಬಿಸಿ ಹೈಡ್ರೋಕ್ಲೋರಿಕ್ ಆಮ್ಲದ ಹತ್ತಿರ ರಾತ್ರಿ ಒಬ್ಬರೇ ಇರುವ ವ್ಯವಸ್ಥೆಯಂತೂ ಬೇಡ. ಪರೀಕ್ಷೆ ಮಾಡುವವರು ಒಬ್ಬರೇ ಆದರೂ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇನ್ನೊಬ್ಬರಿರಲಿ.

ಮೇಲೆ ಹೇಳಿದ ಒಪ್ಪಿಗೆಯ ವಿಷಯ. ಇಬ್ಬರಿಗೂ ಉತ್ತರ ಗೊತ್ತಿಲ್ಲದ ನಾಲ್ಕು ಸ್ಯಾಂಪಲ್ ಕೊಡಿ. ಎರಡು ಮಾಮೂಲಿ, ಒಂದು ನಿಮ್ಮ ಡಬ್ಬದ್ದೇ ಪುಡಿ ಬೇರೆ ಹೆಸರಿನಲ್ಲಿ, ಒಂದು ಆಮ್ಲಕ್ಕೆ ಸುಲಭವಾಗಿ ಕರಗದ್ದು. ಅಂಕಿ ಸರಿ ಬಂತೇ ಎಂಬುದಕ್ಕಿಂತ ನಾಲ್ಕನೆಯದನ್ನು ಏನು ಮಾಡುತ್ತಾರೆ ಎಂದು ನೋಡಿ. ತಳದ ಕೆಂಪು ಕಣ ಕಂಡು, ಚೀಟಿ ಅಂಟಿಸಿ, ಪಕ್ಕಕ್ಕೆ ಇಟ್ಟರೆ ಪಾಸು. ಅದಕ್ಕೂ ಒಂದು ಅಂಕಿ ಬರೆದು ತಂದರೆ ರಾತ್ರಿ ಪಾಳಿ ಇನ್ನೂ ಬೇಡ. ಅದೇ ರೀತಿ ಒಮ್ಮೆ ಹಿರಿಯರ ಕೈಯಿಂದ ಬೇಕೆಂದೇ ತವರ ಹೆಚ್ಚು ಹಾಕಿಸಿದ ಫ್ಲಾಸ್ಕನ್ನು ಏನೂ ಹೇಳದೆ ಕೈಗೆ ಕೊಡಿ. ಬೂದು ಬಂದದ್ದನ್ನು ಎಸೆಯುವ ಧೈರ್ಯ ಇದೆಯೇ ಎಂಬುದು ಆಗ ಗೊತ್ತಾಗುತ್ತದೆ.

ಯುಗಾದಿಗೆ ಉಳಿದಿರುವ ದಿನಗಳಲ್ಲಿ ಮೊದಲು ಮಾಡಬೇಕಾದದ್ದು ಬರವಣಿಗೆಯಲ್ಲ, ಡಬ್ಬದ ಪುಡಿಯ ಆ ಇಪ್ಪತ್ತು ಪರೀಕ್ಷೆಗಳು. ಎಸ್‌ಒಪಿಯನ್ನು ಯುಗಾದಿ ಆದ ಮೇಲೂ ತಿದ್ದಬಹುದು. ಆದರೆ ಆ ಇಪ್ಪತ್ತು ಅಂಕಿಗಳು ಹದಿನೆಂಟು ವರ್ಷ ಪಳಗಿದ ಕೈಯಿಂದಲೇ ಬರಬೇಕು. ಅವುಗಳಲ್ಲಿ ಐದಾರನ್ನಾದರೂ ಮಧ್ಯಾಹ್ನ ಮೂರು ಗಂಟೆಗೆ, ಶೆಡ್ಡಿನ ಬಾಟಲಿಯ ದ್ರಾವಣದಿಂದಲೇ ಮಾಡಿಸಿ.